ಎದಿರ್ಪು ಶಕ್ತಿ

ತನಗೆ ಎದಿರ್ಪು ಶಕ್ತಿ ಇದೆಯೆಂದು ಸರ್ಕಾರದ ಯಂತ್ರವೇ ಹೇಳಿದೆ ಎಂದು ಶಿವಲಿಂಗಂ ನಾಲ್ಕು ದಿನದಿಂದ ಬೀದಿಯವರಿಗೆಲ್ಲ ಹೇಳುತ್ತಿದ್ದ. ಕ್ಷಯದ ಮಾತ್ರೆ ನಿಲ್ಲಿಸಿದ್ದ. ಮುಖಗವಸನ್ನು ಮಡಚಿ ದೇವರ ಪಟದ ಹಿಂದೆ ಸಿಕ್ಕಿಸಿದ್ದ. ಆರು ವಾರದಿಂದ ಮುಟ್ಟದಿದ್ದ ಮಗ್ಗಕ್ಕೆ ಇಳಿದು ಸೀರೆ ಶುರು ಮಾಡಿದ್ದ.

ತಪ್ಪು ಅವನದಲ್ಲ, ಭುವನಾಳದು.

ಅವಳು ಆ ಭಾಗದ ಕ್ಷಯರೋಗಿಗಳ ಚಿಕಿತ್ಸೆ ನೋಡಿಕೊಳ್ಳುವ ಸರ್ಕಾರಿ ಮೇಲ್ವಿಚಾರಕಿ. ಇಪ್ಪತ್ತೇಳು ವರ್ಷ. ಊರು ಧರ್ಮಪುರಿ ಕಡೆಯ ಕಂಬೈನಲ್ಲೂರು. ಮನೆಮಾತು ಕನ್ನಡ, ಓದಿದ್ದೆಲ್ಲ ತಮಿಳು ಮತ್ತು ಇಂಗ್ಲಿಷಿನಲ್ಲಿ. ಶಿವಲಿಂಗಂನ ಕಫದ ರಿಪೋರ್ಟು ಅವಳ ಫೋನಿಗೆ ಬಂದಾಗ ಅವಳು ಮೆಟ್ಟೂರಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಳು. ಕ್ಷಯದ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ರಿಫಾಂಪಿಸಿನ್ ಎಂಬ ಔಷಧಕ್ಕೆ ಈ ರೋಗಾಣು ಬಗ್ಗುವುದಿಲ್ಲ ಎಂದು ಯಂತ್ರ ಹೇಳಿತ್ತು. ಅಂಥ ರಿಪೋರ್ಟನ್ನು ಬಂದ ದಿನವೇ ರೋಗಿಗೆ ತಿಳಿಸಬೇಕು. ಅವಳು ಅಲ್ಲಿಂದಲೇ ಫೋನ್ ಮಾಡಿದಳು. ಶಿವಲಿಂಗಂನ ಮನೆಮಾತೂ ಕನ್ನಡವೇ, ಅವನ ಜೊತೆ ಅವಳು ಯಾವಾಗಲೂ ಕನ್ನಡದಲ್ಲೇ ಮಾತಾಡುತ್ತಿದ್ದಳು. ಆದರೆ ಆಫೀಸಿನ ಸಂಗತಿ ಅವಳ ಬಾಯಲ್ಲಿ ತಮಿಳಾಗಿಯೇ ಬರುತ್ತಿತ್ತು.

"ಅಣ್ಣಾ, ಮರುಂದು ಎದಿರ್ಪು ಇರುಕ್ಕು ಅಂತ ರಿಪೋರ್ಟು ಬಂದೈತೆ. ಸೋಮವಾರ ಸೇಲಂಗೆ..."

ಲೈನು ಕಡಿಯಿತು. ಮತ್ತೆ ಮಾಡಿದಳು. "ಗೊತ್ತಾಯ್ತು ತಾಯಿ, ಕೇಳಿಸ್ತು. ಸಂತೋಷ," ಎಂದು ಅವನು ಇಟ್ಟುಬಿಟ್ಟ. ಸಂತೋಷ ಎಂಬ ಮಾತು ಅವಳಿಗೆ ವಿಚಿತ್ರ ಅನ್ನಿಸಿತು. ಅಷ್ಟರಲ್ಲಿ ಕಂಡಕ್ಟರ್ ಬಂದ, ಇಳಿಯುವ ಜಾಗ ಬಂತು, ಇನ್ನೊಬ್ಬ ರೋಗಿಯ ಫೋನು ಬಂತು.

ಮರುಂದು ಅಂದರೆ ಔಷಧ. ಎದಿರ್ಪು ಅಂದರೆ ಎದುರಿಸಿ ನಿಲ್ಲುವುದು, ಇರುಕ್ಕು ಅಂದರೆ ಇದೆ. ಆದರೆ ಆ ಪದವನ್ನು ಶಿವಲಿಂಗಂ ಮೊದಲು ಕೇಳಿದ್ದು ಕೊರೋನಾ ಕಾಲದಲ್ಲಿ. ಎದಿರ್ಪು ಶಕ್ತಿ ಬೆಳೆಸಿಕೊಳ್ಳಿ ಎಂದು ಆಟೋದಲ್ಲಿ ಮೈಕು ಕಟ್ಟಿಕೊಂಡು ಸಾರಿದ್ದರು, ಎದಿರ್ಪು ಶಕ್ತಿಗೆಂದು ಬೀದಿಯಲ್ಲಿ ಕಷಾಯ ಹಂಚಿದ್ದರು. ಅದು ಇದ್ದವನು ಉಳಿಯುತ್ತಾನೆ, ಇಲ್ಲದವನು ಹೋಗುತ್ತಾನೆ ಎಂದು ಅವನಿಗೆ ಮನದಟ್ಟಾಗಿತ್ತು. ಪುಸ್ತಕದ ಕನ್ನಡದಲ್ಲೂ ಇದೇ ಗೊಂದಲವಿದೆ. ನಿರೋಧಕ ಶಕ್ತಿ ಮನುಷ್ಯನಿಗೆ ಇದ್ದರೆ ಒಳ್ಳೆಯದು, ರೋಗಾಣುವಿಗೆ ಇದ್ದರೆ ಕೆಟ್ಟದ್ದು. ಯಾರಿಗೆ ಎಂಬುದನ್ನು ಭುವನಾ ಹೇಳಿರಲಿಲ್ಲ.

ಸೋಮವಾರ ಅವನು ಸೇಲಂಗೆ ಬರಲಿಲ್ಲ. ಮಂಗಳವಾರ ಅವಳು ಸ್ಕೂಟರ್ ಹತ್ತಿ ನಂಗವಳ್ಳಿಗೆ ಹೋದಳು. ಅವನ ಬೀದಿ ಸಿಗುವ ಮೊದಲೇ ಮಗ್ಗದ ಸದ್ದು ಕೇಳಿಸಿತು.

ನಡುಮನೆಯಲ್ಲಿ ಕುಳಿ ಮಗ್ಗ. ಶಿವಲಿಂಗಂ ಕುಳಿಯೊಳಗೆ ಕಾಲು ಇಳಿಬಿಟ್ಟು ರೇಷ್ಮೆ ನೇಯುತ್ತಿದ್ದ. ಐವತ್ತೆರಡು ವರ್ಷ, ನಲವತ್ತೇಳು ಕಿಲೋ. ಹೆಂಡತಿ ಪುಷ್ಪಾ ಬಾಗಿಲ ಬಳಿ ಕೂತು ನೂಲು ಸುತ್ತುತ್ತಿದ್ದಳು.

"ಬಾ ತಾಯಿ, ಕೂತ್ಕೋ," ಅಂದ ಅವನು, ಲಾಳಿ ಬಿಡದೆ. "ಲೇ ಪುಷ್ಪಾ, ಟೀ ಇಡು."

"ಅಣ್ಣಾ, ಮಾತ್ರೆ ಎಲ್ಲಿ?"

"ಅದ್ಯಾಕೆ ಇನ್ನ? ಎದಿರ್ಪು ಐತೆ ಅಂತ ನೀನೇ ಅಂದ್ಯಲ್ಲ."

"ಯಾರಿಗೆ ಐತೆ ಅಂದೆ?"

"ನಂಗೆ."

"ನಿಮ್ಗಲ್ಲ ಅಣ್ಣಾ. ಕಿರುಮಿಗೆ."

ಮಗ್ಗ ನಿಂತಿತು. ಪುಷ್ಪಾ ನೂಲು ಸುತ್ತುವುದನ್ನು ನಿಲ್ಲಿಸಿ ತಲೆಯೆತ್ತಿದಳು.

"ಕಿರುಮಿಗಾ?"

"ನಿಮ್ಮ ಮೈಯಾಗಿರೋ ಟಿಬಿ ಕಿರುಮಿಗೆ. ನಾವು ಕೊಡ್ತಾ ಇರೋ ಮದ್ದು ಅದಕ್ಕೆ ತಟ್ಟಲ್ಲ ಅಂತ ಯಂತ್ರ ಏಳ್ತದೆ. ನಾನು ಸರಿಯಾಗಿ ಏಳ್ಲಿಲ್ಲ. ನಂದೇ ತಪ್ಪು."

ಶಿವಲಿಂಗಂ ಲಾಳಿಯನ್ನು ನೇಯ್ದ ಸೀರೆಯ ಮೇಲೆ ಇಟ್ಟ. ಮಾತಾಡಿದ್ದು ಪುಷ್ಪಾ.

"ಬೀದಿಗೆಲ್ಲ ಕಡ್ಲೆಮಿಟಾಯಿ ಅಂಚಿದ್ರಲ್ಲ. ಓಗಿ, ಮನೆಮನೆಗೂ ಓಗಿ ವಾಪಸ್ ಕೇಳ್ಕೊಂಡು ಬನ್ನಿ."

"ಸುಮ್ನಿರು ಲೇ."

"ಏನು ಸುಮ್ನಿರೋದು? ಮಾತ್ರೆ ನುಂಗ್ರಿ ಅಂದ್ರೆ ನೀನು ಸರ್ಕಾರಕ್ಕಿಂತ ದೊಡ್ಡೋಳಾ ಅಂದ್ರಿ. ಕೆಮ್ಮು ಬಂದಾಗ ಬಾಯಿಗೆ ಟವಲ್ ಇಡಿ ಅಂದ್ರೆ ಕಿರುಮಿ ಸತ್ತೋಯ್ತು ಅಂದ್ರಿ." ಭುವನಾ ಕಡೆ ತಿರುಗಿದಳು. "ನಂಗೂ ಅತ್ತಿರ್ತದಾ?"

"ನಿಮ್ಮ ಎಕ್ಸ್‌ರೇ ಸರಿ ಇತ್ತಲ್ಲ ಅಕ್ಕಾ. ಇನ್ನೊಂದ್ಸಲ ತೆಗೀತೀವಿ. ಈಗ ಇವ್ರು ನಾಳೆ ನನ್ನ ಜೊತೆ ಸೇಲಂಗೆ ಬರ್ಬೇಕು."

ಅವನು ಕುಳಿಯಿಂದ ಎದ್ದ. ದೇವರ ಪಟದ ಹಿಂದಿನ ಮುಖಗವಸನ್ನು ತೆಗೆದು, ಧೂಳು ಕೊಡವಿ, ಕಟ್ಟಿಕೊಂಡ. ಅದರೊಳಗಿಂದಲೇ ಕೇಳಿದ: "ಮದ್ದೇ ತಟ್ಟದ ಮೇಲೆ ಸೇಲಂಗೆ ಓಗಿ ಏನು ಮಾಡೋದು?"

"ಬೇರೆ ಮದ್ದು ಐತೆ," ಅಂದಳು ಭುವನಾ.

*

ಸೇಲಂನ ಆಸ್ಪತ್ರೆಯಲ್ಲಿ ಇಂಥ ರೋಗಿಗಳನ್ನು ನೋಡುತ್ತಿದ್ದವರು ಡಾಕ್ಟರ್ ರಾಜಗೋಪಾಲ್. ಗಂಡ ಹೆಂಡತಿ ಇಬ್ಬರ ಜೊತೆಯೂ ಅವರು ತಮಿಳಿನಲ್ಲೇ ಮಾತಾಡಿದರು. ಶಿವಲಿಂಗಂಗೆ ಅದು ಚೆನ್ನಾಗಿಯೇ ಬರುತ್ತಿತ್ತು. ಆದರೂ ಪ್ರತಿ ಮಾತಿಗೂ ಅವನು ಭುವನಾಳ ಮುಖ ನೋಡುತ್ತಿದ್ದ, ಈ ಸಲ ಎರಡೆರಡು ಸಲ ಖಾತ್ರಿ ಮಾಡಿಕೊಳ್ಳುವವನಂತೆ.

ಡಾಕ್ಟರು ರಕ್ತ ತೆಗೆಸಿದರು, ಇಸಿಜಿ ಮಾಡಿಸಿದರು, ಕಣ್ಣಿನ ಪರೀಕ್ಷೆ ಮಾಡಿಸಿದರು. ಕೊನೆಗೆ ಒಂದು ಕಬ್ಬಿಣದ ಶ್ರುತಿಕವಲನ್ನು ಮೇಜಿಗೆ ಬಡಿದು, ಅದು ಅದುರುತ್ತಿರುವಾಗ ಅದರ ಬುಡವನ್ನು ಅವನ ಕಾಲಿನ ಹೆಬ್ಬೆರಳಿಗೆ ಒತ್ತಿದರು.

"ಅದುರೋದು ತಿಳೀತಾ ಇದೆಯಾ?"

"ತಣ್ಣಗೈತೆ. ಅಷ್ಟೆ."

ಕೈಬೆರಳಿಗೆ ಒತ್ತಿದಾಗ ತಿಳಿಯಿತು ಅಂದ. ಒಂಬತ್ತು ವರ್ಷದ ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಆಗಲೇ ಮಂಕು ಮಾಡಿತ್ತು. ಕೈ ಇನ್ನೂ ಸರಿಯಾಗಿತ್ತು.

"ಹೊಸ ಚಿಕಿತ್ಸೆ ಆರು ತಿಂಗಳು," ಅಂದರು ಡಾಕ್ಟರು. "ನಾಲ್ಕು ಔಷಧ. ಒಳ್ಳೆಯ ಚಿಕಿತ್ಸೆ, ತುಂಬಾ ಜನ ಗುಣವಾಗ್ತಾರೆ. ಆದರೆ ಅದರಲ್ಲಿ ಲಿನೆಜೋಲಿಡ್ ಅಂತ ಒಂದಿದೆ. ಅದು ನರಕ್ಕೆ ತೊಂದರೆ ಕೊಡಬಹುದು. ಕಾಲು, ಕೈ ಜೋಮು ಹಿಡಿಯುತ್ತೆ. ಬೇಗ ನಿಲ್ಲಿಸಿದರೆ ಕೆಲವರಿಗೆ ಸರಿಯಾಗುತ್ತೆ. ಕೆಲವರಿಗೆ ಆಗೋದಿಲ್ಲ."

"ಎಷ್ಟು ಜನಕ್ಕೆ ಅಂಗಾಗ್ತದೆ?"

"ಸುಮಾರು ನಾಲ್ಕು ಜನರಲ್ಲಿ ಒಬ್ಬರಿಗೆ ನರದ ತೊಂದರೆ ಕಾಣಿಸಿಕೊಳ್ಳುತ್ತೆ. ನಿಮಗೆ ಸಕ್ಕರೆ ಬೇರೆ ಇದೆ. ಜಾಸ್ತಿ ಅಂತಲೇ ಇಟ್ಟುಕೊಳ್ಳಿ."

ಶಿವಲಿಂಗಂ ತನ್ನ ಬಲಗೈಯ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದ. ರೇಷ್ಮೆಯ ಹಾಸಿನಲ್ಲಿ ಸಾವಿರಾರು ಎಳೆ. ಒಂದು ಕಡಿದರೆ ಅದನ್ನು ಕಣ್ಣು ಹುಡುಕುವುದಿಲ್ಲ, ಬೆರಳು ಹುಡುಕುತ್ತದೆ. ಅದೇ ಬೆರಳು ಅದನ್ನು ಹೊಸೆದು ಗಂಟು ಹಾಕುತ್ತದೆ. ಕಾಲು ಮಂಕಾದರೂ ಮಗ್ಗದ ತುಳಿಗೆಯನ್ನು ತುಳಿಯಬಹುದು, ಅದನ್ನು ಅವನು ಎರಡು ವರ್ಷದಿಂದ ಮಾಡುತ್ತಿದ್ದ. ಕೈ ಮಂಕಾದರೆ ನೇಕಾರಿಕೆ ಮುಗಿಯಿತು. ಇದನ್ನು ಅವನು ಡಾಕ್ಟರಿಗೆ ವಿವರಿಸಲಿಲ್ಲ. "ಕೈ ಓದ್ರೆ ನಾನು ವಾಚ್‌ಮನ್ ಕೆಲ್ಸಕ್ಕೆ ಓಗ್ಬೇಕು," ಎಂದು ಭುವನಾಗೆ ಕನ್ನಡದಲ್ಲಿ ಹೇಳಿದ. "ಅದಕ್ಕೂ ಕೆಮ್ಮೋನ್ನ ಯಾರು ಇಟ್ಕೋತಾರೆ."

"ತೊಗೊಳ್ದಿದ್ರೆ?" ಎಂದು ಪುಷ್ಪಾ ಕೇಳಿದಳು.

"ತೊಗೊಳ್ದಿದ್ರೆ ಸಾಯ್ತಾರೆ ಅಕ್ಕಾ. ಅದಕ್ಕೂ ಮುಂಚೆ ನಿಮ್ಗೂ ಅಂಟಿಸ್ತಾರೆ," ಅಂದಳು ಭುವನಾ.

ಡಾಕ್ಟರು ಕಾಗದಗಳನ್ನು ಮತ್ತೊಮ್ಮೆ ತಿರುವಿದರು. ಯಂತ್ರದ ನಂತರ ಇನ್ನೊಂದು ಪರೀಕ್ಷೆಯೂ ಆಗಿತ್ತು. ಬಿಳಿಯ ಪಟ್ಟಿಯ ಮೇಲೆ ಸಣ್ಣ ಗೆರೆಗಳು ಮೂಡುವ ಪರೀಕ್ಷೆ. ಅದರಲ್ಲಿ ಮೂಡಬೇಕಾದ ಗೆರೆಗಳ ನಡುವೆ ಒಂದು ಜಾಗ ಖಾಲಿ ಇತ್ತು. ಅಂದರೆ ಅಲ್ಲಿ ಏನೋ ಬದಲಾಗಿದೆ. ಆದರೆ ಸಾಮಾನ್ಯವಾಗಿ ಕಾಣುವ ಬದಲಾವಣೆಗಳಿಗೆಂದೇ ಬೇರೆ ಗೆರೆಗಳಿವೆ, ಅವುಗಳಲ್ಲಿ ಒಂದೂ ಮೂಡಿರಲಿಲ್ಲ.

"ಎರಡು ಪರೀಕ್ಷೆಯೂ ಒಂದೇ ಪ್ರಶ್ನೆ ಕೇಳುತ್ತವೆ," ಎಂದು ಡಾಕ್ಟರು ಭುವನಾಗೆ ಹೇಳಿದರು. "ಅಲ್ಲಿ ಇರಬೇಕಾದ್ದು ಇದೆಯಾ ಅಂತ. ಇಲ್ಲ ಅನ್ನುತ್ತವೆ. ಇರಬೇಕಾದ್ದರ ಬದಲು ಏನಿದೆ ಅಂತ ಹೇಳಲಾರವು. ಹೆಚ್ಚಿನ ಸಲ ಅಲ್ಲಿರೋದು ಕೆಟ್ಟದ್ದೇ ಆಗಿರುತ್ತೆ, ಅದಕ್ಕೇ ಕೆಟ್ಟದ್ದು ಅಂತ ಬರೀತಾರೆ. ಜೀನನ್ನು ಅಕ್ಷರ ಅಕ್ಷರವಾಗಿ ಓದೋ ಸೀಕ್ವೆನ್ಸಿಂಗಿಗೆ ಕಫ ಹೋಗಿದೆಯಾ?"

"ಎರಡನೇ ಬಾಟಲಿ ಚೆನ್ನೈಗೆ ಹೋಗಿದೆ ಸರ್. ಆ ಲ್ಯಾಬಿನಲ್ಲಿ ಸಾಲು ಇದೆ ಅಂದರು."

"ಬರಲಿ. ಅದಕ್ಕಾಗಿ ಕಾಯೋದು ಬೇಡ. ನಾಳೆಯಿಂದ ಹೊಸ ಔಷಧ ಶುರು."

ಭುವನಾ ತಲೆಯಾಡಿಸಿದಳು. ಬಸ್ಸಿನ ಫೋನಿನಿಂದ ಈಗಾಗಲೇ ಐದು ದಿನ ಹಾಳಾಗಿತ್ತು.

*

ದಿನಕ್ಕೆ ಏಳು ಮಾತ್ರೆ, ಅದರ ಮೇಲೆ ನರಕ್ಕೆಂದು ಒಂದು ವಿಟಮಿನ್. ಶಿವಲಿಂಗಂ ವಾರ್ಡಿನಲ್ಲಿ ಕೂತು ನುಂಗಿದ. ಮೊದಲ ಎರಡು ದಿನ ವಾಂತಿ. ಮೂರನೆಯ ದಿನ ಅನ್ನ ಉಳಿಯಿತು. ಪುಷ್ಪಾಳ ಕೈಯಲ್ಲಿ ಮನೆಯಿಂದ ರೇಷ್ಮೆ ನೂಲಿನ ಒಂದು ಸಣ್ಣ ಸಿಂಬಿ ತರಿಸಿಕೊಂಡ. ಬೆಳಿಗ್ಗೆ ಎದ್ದು ಹಾಸಿಗೆಯ ಮೇಲೆ ಕೂತು, ಕಣ್ಣು ಮುಚ್ಚಿ, ಎಳೆಯನ್ನು ಕಡಿದು ಗಂಟು ಹಾಕುತ್ತಿದ್ದ. ಹತ್ತು ಗಂಟು. ಬಿದ್ದರೆ ಮಾತ್ರೆ ನುಂಗುತ್ತಿದ್ದ. ಬೀಳದಿದ್ದರೆ ಏನು ಮಾಡಬೇಕೆಂದು ಅವನು ನಿರ್ಧರಿಸಿರಲಿಲ್ಲ.

ಏಳನೆಯ ದಿನ ಭುವನಾಗೆ ಫೋನ್ ಮಾಡಿದ.

"ಬೆರಳ ತುದಿ ಚುರುಗುಟ್ತದೆ."

"ಯಾವ ಬೆರಳು ಅಣ್ಣಾ?"

"ಎಲ್ಲಾನೂ. ಇಲ್ಲ, ಎಡಗೈದು. ಬೆಳಿಗ್ಗೆ ಬಲಗೈದು ಇತ್ತು."

ಏಳು ದಿನಕ್ಕೆ ಹಾಗಾಗುವುದು ಅಪರೂಪ ಎಂದು ಅವಳಿಗೆ ಗೊತ್ತಿತ್ತು. ಹೆದರಿಕೆಗೂ ಬೆರಳು ಚುರುಗುಟ್ಟುತ್ತದೆ ಎಂದೂ ಗೊತ್ತಿತ್ತು. ಆದರೆ ಅವನಿಗೆ ಒಮ್ಮೆ ತಪ್ಪು ಹೇಳಿದ್ದಾಗಿತ್ತು. "ಡಾಕ್ಟರಿಗೆ ಏಳಿ, ಕೈ ನೋಡ್ತಾರೆ," ಎಂದಷ್ಟೇ ಅಂದಳು. ಡಾಕ್ಟರು ಕವಲನ್ನು ಮತ್ತೆ ಒತ್ತಿ ನೋಡಿ, ಕೈ ಸರಿಯಾಗಿದೆ ಅಂದರು. ಅವನು ನಂಬಿದಂತೆ ಕಾಣಲಿಲ್ಲ.

ಒಂಬತ್ತನೆಯ ದಿನ ಭುವನಾ ಬೇರೆ ರೋಗಿಯ ಕಾಗದ ಕೊಡಲು ಡಾಕ್ಟರ ಕೋಣೆಗೆ ಬಂದಿದ್ದಳು. ಆಗ ಚೆನ್ನೈಯಿಂದ ಫೋನು ಬಂತು. ಲ್ಯಾಬಿನ ಸೂಕ್ಷ್ಮಜೀವಿ ತಜ್ಞೆ ಕಲೈವಾಣಿ. ಡಾಕ್ಟರು ಸ್ಪೀಕರ್ ಹಾಕಿದರು.

"ಸರ್, ನಂಗವಳ್ಳಿಯ ಶಿವಲಿಂಗಂ. ರಿಪೋರ್ಟು ಕಳಿಸ್ತಾ ಇದ್ದೇನೆ. ನೋಡಿ ನಂಬದೆ ಇರಬಾರದು ಅಂತ ಮೊದಲೇ ಹೇಳ್ತಿದ್ದೇನೆ. ಬದಲಾವಣೆ ಇದೆ. ಆದರೆ ಅದು ಸೈಲೆಂಟ್."

"ಎಲ್ಲಿ?"

"ರಿಫಾಂಪಿಸಿನ್ ಹೋಗಿ ಹಿಡಿಯೋ ಪ್ರೋಟೀನಿನ ಜೀನ್‌ನಲ್ಲೇ. ನಾನೂರ ಮೂವತ್ತಮೂರನೇ ಜಾಗ. ಟಿಟಿಸಿ ಇರಬೇಕಾದಲ್ಲಿ ಟಿಟಿಟಿ ಇದೆ. ಎರಡೂ ಕೂಡಿಸೋದು ಒಂದೇ ಅಮೈನೋ ಆಮ್ಲ. ಪ್ರೋಟೀನು ಕೂದಲೆಳೆಯಷ್ಟೂ ಬದಲಾಗಿಲ್ಲ. ಔಷಧ ಹಿಡಿಯೋ ಜಾಗ ಹಾಗೇ ಇದೆ."

"ಮಿಶ್ರಣ ಇರಬಹುದಾ? ಪಕ್ಕದಲ್ಲಿ ನಿಜವಾದ ರೆಸಿಸ್ಟೆಂಟ್ ಅಡಗಿರಬಹುದಾ?"

"ಆ ಜಾಗವನ್ನು ಸಾವಿರಕ್ಕೂ ಹೆಚ್ಚು ಸಲ ಓದಿದ್ದೇವೆ ಸರ್. ಎಲ್ಲದರಲ್ಲೂ ಟಿಟಿಟಿ. ಹಿಂದೆ ಮುಂದೆ ಬೇರೆ ಬದಲಾವಣೆ ಇಲ್ಲ. ನಾನೂರ ಐವತ್ತರಲ್ಲಿ ಟಿಸಿಜಿ ಹೋಗಿ ಟಿಟಿಜಿ ಆಗಿದ್ದಿದ್ದರೆ, ಅದೂ ಒಂದೇ ಅಕ್ಷರ, ನಿಮ್ಮ ಮಾತ್ರೆ ದಂಡವಾಗ್ತಿತ್ತು. ಇದು ಹಾಗಲ್ಲ. ಐಸೋನಿಯಜಿಡ್, ಪೈರಜಿನಮೈಡ್, ಎಥಾಂಬ್ಯುಟಾಲ್, ಈ ಮೂರಕ್ಕೂ ಗೊತ್ತಿರುವ ಯಾವ ಬದಲಾವಣೆಯೂ ಕಾಣಲಿಲ್ಲ. ಗೊತ್ತಿರುವ ಅಂತ ಒತ್ತಿ ಹೇಳ್ತೇನೆ. ನಾನು ಓದೋದು ಅಕ್ಷರ ಮಾತ್ರ. ಔಷಧದಲ್ಲಿ ಕಿರುಮಿ ಬೆಳೆಯುತ್ತಾ ಸಾಯುತ್ತಾ ಅಂತ ಕಲ್ಚರ್ ಹೇಳಬೇಕು, ಅದಕ್ಕೆ ಇನ್ನೂ ಕೆಲವು ವಾರ."

"ಅಂದರೆ ನಮ್ಮ ಯಂತ್ರ ತಪ್ಪು ಹೇಳಿತು."

"ಯಂತ್ರ ಬದಲಾವಣೆ ಇದೆ ಅಂದಿತು, ಅದು ನಿಜ. ಅದಕ್ಕೆ ಅರ್ಥ ಗೊತ್ತಿಲ್ಲ ಸರ್. ಕಾಗುಣಿತ ಮಾತ್ರ ನೋಡುತ್ತೆ."

ಡಾಕ್ಟರು ಫೋನ್ ಇಟ್ಟು, ಕನ್ನಡಕ ತೆಗೆದು, ಕಣ್ಣು ಉಜ್ಜಿದರು. ಆಮೇಲೆ ಇಬ್ಬರು ಸಹೋದ್ಯೋಗಿಗಳಿಗೆ ಫೋನ್ ಮಾಡಿ ಅರ್ಧ ಗಂಟೆ ಚರ್ಚಿಸಿದರು. ಭುವನಾ ಅಷ್ಟು ಹೊತ್ತೂ ಅಲ್ಲೇ ನಿಂತಿದ್ದಳು, ಯಾರೂ ಅವಳಿಗೆ ನಿಲ್ಲು ಎಂದಿರಲಿಲ್ಲ. ಕೊನೆಗೆ ಅವರು ಚೀಟಿ ಬರೆದರು. ನಾಲ್ಕು ಹೊಸ ಔಷಧವೂ ನಿಲ್ಲಲಿ. ಸಾಮಾನ್ಯ ಕ್ಷಯದ ಮಾತ್ರೆ ಮತ್ತೆ ಮೊದಲ ದಿನದಿಂದ ಶುರು. ಎರಡು ತಿಂಗಳು ನಾಲ್ಕು ಔಷಧ, ಆಮೇಲೆ ನಾಲ್ಕು ತಿಂಗಳು ಮೂರು ಔಷಧ. ಜೊತೆಗೆ ವಿಟಮಿನ್.

"ನೀವೇ ಹೇಳಿ," ಅಂದರು. "ಕನ್ನಡದಲ್ಲಿ ಹೇಳಿ."

*

ಶಿವಲಿಂಗಂ ಸಂತೋಷಪಡುತ್ತಾನೆ ಎಂದು ಭುವನಾ ಅಂದುಕೊಂಡಿದ್ದಳು. ಅವನು ಅವಳನ್ನು ಪೂರ್ತಿ ಮಾತಾಡಲು ಬಿಟ್ಟ. ಆಮೇಲೆ ಕೇಳಿದ:

"ಮೊದ್ಲು ಎದಿರ್ಪು ಐತೆ ಅಂದೆ. ಆಮೇಲೆ ಅದು ನಂಗಲ್ಲ, ಕಿರುಮಿಗೆ ಅಂದೆ. ಈಗ ಕಿರುಮಿಗೂ ಇಲ್ಲ ಅಂತೀಯ. ಆಗಿದ್ರೆ ಯಾರಿಗೈತೆ?"

"ಯಾರಿಗೂ ಇಲ್ಲ ಅಣ್ಣಾ."

"ಏಳು ಮಾತ್ರೆ ಕೊಡ್ತಿದ್ರು," ಅಂದಳು ಪುಷ್ಪಾ. "ಈಗ ಎಷ್ಟು?"

"ಮೂರು."

"ಮೂರು." ಪುಷ್ಪಾ ಗಂಡನ ಕಡೆ ನೋಡಿದಳು. "ಏಳು ತಿನ್ನೋನಿಗೆ ಮೂರು ಕೊಟ್ರೆ ಆಗ್ತದಾ? ಬೆಲೆ ಜಾಸ್ತಿ ಅಂತ ನಿಲ್ಲಿಸ್ತಾ ಇದೀರಾ? ನಿಜ ಏಳ್ಬಿಡಮ್ಮಾ, ಕಣ್ಣು."

"ಮೂರರಲ್ಲೇ ನಾಲ್ಕು ಮದ್ದು ಬೆರೆಸಿರ್ತಾರೆ ಅಕ್ಕಾ. ತೂಕ ನೋಡಿ ಮಾತ್ರೆ ಲೆಕ್ಕ."

"ಅಕ್ಷರ ಬದ್ಲಾಗೈತೆ ಅಂದ್ಯಲ್ಲ," ಅಂದ ಶಿವಲಿಂಗಂ. "ನಾನು ಬುಟ್ಟಾ ಎತ್ತೋ ಜಕಾರ್ಡ್ ಓಡ್ಸೋನು. ಅದರ ರಟ್ಟಿನ ಅಟ್ಟೆಯಾಗೆ ಒಂದು ತೂತು ಆ ಕಡೆ ಈ ಕಡೆ ಆದ್ರೆ ಬುಟ್ಟಾ ಕೆಡ್ತದೆ. ನವಿಲಿನ ಕತ್ತು ಮುರೀತದೆ. ತೂತು ಬದ್ಲಾಗಿ ಬುಟ್ಟಾ ಬದ್ಲಾಗಿಲ್ಲ ಅನ್ನೋದು ನಾನು ಕಂಡಿಲ್ಲ."

ಜಕಾರ್ಡ್‌ನಲ್ಲಿ ಅವನು ಹೇಳಿದ್ದೇ ಸರಿ. ಅಮೈನೋ ಆಮ್ಲ ಎಂಬ ಪದವನ್ನು ಅವನಿಗೆ ಹೇಳಿ ಉಪಯೋಗವಿರಲಿಲ್ಲ. ಪುಷ್ಪಾ ಆಗ ಪಕ್ಕದ ಹಾಸಿಗೆಯವನ ಹೆಂಡತಿಯನ್ನು ಕರೆದು, ತಮಿಳಿನಲ್ಲಿ, ಕೊಂಚ ತಣ್ಣಿ ಕೊಡಿ ಎಂದು ಕೇಳಿದಳು. ಬಾಟಲಿ ಬಂತು. "ನೀರು ಕುಡೀರಿ," ಎಂದು ಗಂಡನಿಗೆ ಕೊಟ್ಟಳು.

"ಅಕ್ಕಾ, ನೀವು ಕೇಳಿದ್ದು ಏನು?"

"ಎಂಗೆ?"

"ಅವ್ರತ್ರ ತಣ್ಣಿ ಕೇಳಿದ್ರಿ. ಇವ್ರಿಗೆ ನೀರು ಅಂತ ಕೊಟ್ರಿ. ಬಾಟ್ಲಿ ಒಂದೇ."

"ಓ. ಅದಕ್ಕೇನೀಗ?"

"ಇಲ್ಲೂ ಅಷ್ಟೆ. ಆ ಕಿರುಮಿ ನೀರು ಅಂತ ಬರೀಬೇಕಾದ ಕಡೆ ತಣ್ಣಿ ಅಂತ ಬರ್ಕೊಂಡೈತೆ. ನಮ್ಮ ಯಂತ್ರಕ್ಕೆ ಕನ್ನಡ ಮಾತ್ರ ಬರ್ತದೆ ಅಂತ ಇಟ್ಕೊಳಿ. ನೀರು ಅನ್ನೋ ಪದ ಕಾಣ್ಲಿಲ್ಲ, ನೀರಿಲ್ಲ ಅಂದ್ಬಿಡ್ತು. ಚೆನ್ನೈಯೋರು ಒಂದೊಂದೇ ಅಕ್ಷರ ಓದಿದ್ರು. ತಣ್ಣಿ ಅಂತ ಐತೆ, ಅದೂ ನೀರೇ ಅಂದ್ರು. ಕಿರುಮಿ ಅದೇ ಕಿರುಮಿ. ಅಳೇ ಮದ್ದಿಗೆ ಸಾಯ್ತದೆ."

ಶಿವಲಿಂಗಂ ಬಾಟಲಿಯನ್ನು ನೋಡಿದ. "ನಮ್ಮನೇಲೂ ಈಗ ಎಷ್ಟೋ ಸಲ ತಣ್ಣಿ ಅಂತೀವಿ," ಅಂದ. "ಅಮ್ಮ ಇದ್ದಾಗ ಬರೀ ನೀರು ಅಂತಿದ್ವಿ."

"ಅದಿರಲಿ. ತಿಳೀತಾ?"

"ತಿಳೀತು. ನಂಬಿಕೆ ಬರ್ಲಿಲ್ಲ."

ಅಷ್ಟರಲ್ಲಿ ಬಂದ ಡಾಕ್ಟರು ಕೊನೆಯ ಮಾತು ಕೇಳಿಸಿಕೊಂಡರು. ಸ್ಟೂಲ್ ಎಳೆದು ಕೂತರು. "ಅಯ್ಯಾ, ಮೊದಲ ಸಲ ಮಾತ್ರೆ ಹದಿನಾರು ದಿನ ನುಂಗಿದಿರಿ. ಜ್ವರ ಯಾವಾಗ ಬಿಟ್ಟಿತು?"

"ಹತ್ತು, ಹನ್ನೊಂದನೇ ದಿನಕ್ಕೆ."

"ಹಸಿವು?"

"ಎದ್ದಿತ್ತು," ಅಂದಳು ಪುಷ್ಪಾ. "ಎರಡು ಸಲ ಅನ್ನ ಕೇಳ್ತಿದ್ರು."

"ತೂಕ ಒಂದೂಕಾಲು ಕಿಲೋ ಏರಿದೆ, ಇದರಲ್ಲಿ ಬರೆದಿದೆ. ಆಮೇಲೆ ಫೋನು ಬಂತು. ಎದಿರ್ಪು ಶಕ್ತಿ ಇದೆ ಅಂತ ಯಾಕೆ ಅಷ್ಟು ಬೇಗ ನಂಬಿದಿರಿ?"

"ಮೈ ಅಗುರವಾಗಿತ್ತಲ್ಲ ಸಾರ್. ಚೆನ್ನಾಗಿದ್ದೆ. ಅದಕ್ಕೇ."

"ಯಾಕೆ ಚೆನ್ನಾಗಿದ್ದಿರಿ?"

"ಮಾತ್ರೆ ನುಂಗ್ತಿದ್ದೆ," ಅಂದ ಶಿವಲಿಂಗಂ.

"ಅದೊಂದನ್ನೇ ನಂಬಿ ನಾನು ಔಷಧ ಬದಲಿಸೋದಿಲ್ಲ," ಅಂದರು ಡಾಕ್ಟರು. "ಆ ಮಾತ್ರೆಯಲ್ಲಿ ಇನ್ನೂ ಮೂರು ಔಷಧ ಇವೆ, ಅವುಗಳಿಂದಲೂ ಸ್ವಲ್ಪ ದಿನ ಸುಧಾರಿಸಬಹುದು. ಆದರೆ ಈಗ ಅಕ್ಷರ ಓದಿಯಾಗಿದೆ. ಎರಡೂ ಒಂದೇ ಮಾತು ಹೇಳುತ್ತಿವೆ. ತಿಂಗಳು ತಿಂಗಳೂ ಕಫ ನೋಡ್ತೇವೆ. ಕಲ್ಚರ್ ಬೇರೆ ಹೇಳಿದರೆ ಅವತ್ತೇ ಬದಲಾಯಿಸ್ತೇವೆ. ಒಂದು ಎಚ್ಚರಿಕೆ. ರಿಫಾಂಪಿಸಿನ್ ನಿಮ್ಮ ಸಕ್ಕರೆ ಮಾತ್ರೆಯ ಬಲ ಕಡಿಮೆ ಮಾಡಬಹುದು. ವಾರಕ್ಕೊಮ್ಮೆ ಸಕ್ಕರೆ ನೋಡಿಸಿ. ಮೂತ್ರ ಕಿತ್ತಳೆ ಬಣ್ಣಕ್ಕೆ ಬರುತ್ತೆ, ಹೆದರಬೇಡಿ."

"ಅದು ಮೊದಲೇ ಬಂದಿತ್ತು. ಎದಿರ್ಪು ಬಣ್ಣ ಅಂದ್ಕೊಂಡಿದ್ದೆ."

ಪುಷ್ಪಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ನಗುತ್ತಿದ್ದಾಳೆ ಎಂದು ಭುವನಾಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಕೈ?" ಎಂದು ಶಿವಲಿಂಗಂ ಕೇಳಿದ. ಈ ಸಲ ಭುವನಾಳ ಮುಖ ನೋಡದೆ ನೇರ ಡಾಕ್ಟರನ್ನೇ ಕೇಳಿದ.

"ಈ ಮಾತ್ರೆಗಳಲ್ಲಿ ಐಸೋನಿಯಜಿಡ್ ಅಂತ ಒಂದು ನರಕ್ಕೆ ಸ್ವಲ್ಪ ತೊಂದರೆ ಕೊಡುತ್ತೆ. ಅದನ್ನು ತಡೆಯೋಕೆ ಆ ವಿಟಮಿನ್. ಬಿಡದೆ ನುಂಗಿದರೆ ಸಾಮಾನ್ಯವಾಗಿ ಏನೂ ಆಗೋದಿಲ್ಲ. ಲಿನೆಜೋಲಿಡ್ ಇವತ್ತಿಗೆ ನಿಂತಿತು. ಒಂಬತ್ತು ದಿನಕ್ಕೆ ನಿಮ್ಮ ಕೈಗೆ ಏನೂ ಆಗಿಲ್ಲ. ನಾನು ನೋಡಿದ್ದೇನೆ."

"ಚುರುಗುಟ್ತಿತ್ತಲ್ಲ."

"ಈಗ?"

ಅವನು ಎರಡೂ ಕೈ ಮುಂದೆ ಚಾಚಿ, ಬೆರಳು ಬಿಡಿಸಿ ನೋಡಿದ. "ಇಲ್ಲ," ಅಂದ. ಅದನ್ನು ಒಪ್ಪಿಕೊಳ್ಳಲು ಅವನಿಗೆ ಸ್ವಲ್ಪ ನಾಚಿಕೆಯಾದಂತಿತ್ತು.

ಅವತ್ತು ಮಧ್ಯಾಹ್ನ ಊಟಕ್ಕೂ ಮೊದಲು ಭುವನಾ ಅವನ ಮುಂದೆ ನಿಂತು ಮೂರು ಮಾತ್ರೆ ನುಂಗಿಸಿದಳು. ಮೂರನೆಯದು ಇಳಿದ ಮೇಲೆ ಅವನು ಹಾಸಿಗೆಯ ಮೇಲೆ ಉದ್ದಕ್ಕೆ ಮಲಗಿ, ಅಲ್ಲೇ ನಿದ್ದೆ ಹೋದ. ಹನ್ನೊಂದು ದಿನದಲ್ಲಿ ಮೊದಲ ಸಲ ಹೀಗೆ ಮಲಗಿದ್ದಾರೆ ಎಂದಳು ಪುಷ್ಪಾ. ಅವಳೂ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಭುವನಾ ಚೀಟಿ ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ದಾರಿಯಲ್ಲಿ ಹೋಟೆಲಿಗೆ ನುಗ್ಗಿ ಎರಡು ಪರೋಟಾ ತಿಂದಳು. ಅವತ್ತು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಎಂದು ಅವಳಿಗೆ ಆಗ ನೆನಪಾಯಿತು.

*

ಕಲ್ಚರ್ ರಿಪೋರ್ಟು ಐದನೆಯ ವಾರ ಬಂತು. ಔಷಧವಿಲ್ಲದ ಕೊಳವೆಯಲ್ಲಿ ರೋಗಾಣು ಬೆಳೆದಿತ್ತು. ರಿಫಾಂಪಿಸಿನ್ ಹಾಕಿದ ಕೊಳವೆಯಲ್ಲಿ ಬೆಳೆದಿರಲಿಲ್ಲ. ಐಸೋನಿಯಜಿಡ್ ಹಾಕಿದ್ದರಲ್ಲೂ ಬೆಳೆದಿರಲಿಲ್ಲ. ಭುವನಾ ಅದನ್ನು ಎರಡು ಸಲ ಓದಿ, ಸ್ಕೂಟರ್ ನಿಲ್ಲಿಸಿ, ಹುಣಸೆಮರದ ನೆರಳಿಗೆ ಹೋಗಿ ಫೋನ್ ಮಾಡಿದಳು. ಎತ್ತಿದ್ದು ಪುಷ್ಪಾ. ಹಿಂದೆ ಮಗ್ಗದ ಸದ್ದು.

"ಅಕ್ಕಾ, ಚೆನ್ನೈಯಿಂದ ಬಂತು. ಕೊಳವೇಲಿ ಇಟ್ಟು ನೋಡಿದ್ರಂತೆ. ನಾವು ಕೊಡ್ತಾ ಇರೋ ಮದ್ದಿಗೆ ಕಿರುಮಿ ಸತ್ತೋಯ್ತು. ಇದೇ ಮಾತ್ರೆ ಸಾಕು. ಬೇರೆ ಏನೂ ಬೇಡ."

"ಕಿರುಮಿ ಸತ್ತೋಯ್ತಾ. ಅಂದ್ರೆ ನಿಲ್ಲಿಸ್ಬೋದಾ?"

"ಇಲ್ಲ ಅಕ್ಕಾ, ಇಲ್ಲ. ಕೊಳವೇಲಿರೋದು ಸತ್ತಿದ್ದು. ಮೈಯಾಗಿರೋದು ಇನ್ನೂ ಸಾಯ್ಬೇಕು. ಆರು ತಿಂಗಳೂ ನುಂಗ್ಬೇಕು. ಒಂದಿನಾನೂ ಬಿಡಂಗಿಲ್ಲ."

"ಸುಮ್ನೆ ಕೇಳ್ದೆ ಕಣ್ಣು. ನಿಂಗೆ ಎದೆ ಒಡ್ಕೊಳ್ತದಾ ಅಂತ ನೋಡ್ದೆ." ಪುಷ್ಪಾ ನಕ್ಕಳು. "ಇವತ್ತಿಂದು ನುಂಗಿ ಆಯ್ತು. ಈಗ ಅಸಿವು ಅಸಿವು ಅಂತ ನನ್ನ ಪ್ರಾಣ ತೆಗೀತಾ ಅವ್ರೆ. ಬೆಳಿಗ್ಗೆ ಆರು ಇಡ್ಲಿ, ಅತ್ತು ಗಂಟೆಗೆ ರಾಗಿ ಕಳಿ, ಈಗ ಇನ್ನೂ ಅನ್ನ ಆಗ್ಲಿಲ್ವಾ ಅಂತ ಅಲ್ಲಿಂದ ಕೂಗ್ತಾ ಅವ್ರೆ. ನೀನು ಇಡು, ನಾನು ಅಕ್ಕಿ ಆಕ್ಬೇಕು."